ಸಾಹೇಬರಿಗೊಂದು ಉತ್ತರ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ದುಡಿಯುವ ನಮ್ಮ ಖಾನಾಪುರದ ಹುಡುಗನಿಗೆ ಮ್ಯಾನೇಜರ್ ಸಾಹೇಬರ ಮೇಲ್ ಬಂತು: ‘ಎರಕದಲ್ಲಿ ಗಾಳಿತೂತು ಹೆಚ್ಚಾಗಿವೆ. ನಿಮ್ಮ ರಿಪೋರ್ಟಿನಲ್ಲಿ ಕಾರಣವೇ ಇಲ್ಲ.’

ಹುಡುಗನ ಉತ್ತರದಲ್ಲಿ ಧನ್ಯವಾದ ಮೂರು ಸಲ, ಖಾನಾಪುರದ ಮಳೆ ಒಂದು ಪ್ಯಾರಾ.

‘ಹೆಂಗೈತ್ರಿ ಕಾಕಾ?’

‘ಮಳಿಗೆ ಮೆಮೊ ಕೊಡಾಕ ಬರ್ತೈತೇನೋ?’ ಎಂದೆ.

ಮಳೆ ಅಪರಾಧಿಯೇ, ಸುಳ್ಳಲ್ಲ. ಅಚ್ಚಿನ ಉಸುಕು ತೇವ ಹೆಚ್ಚು ಹೀರಿದರೆ, ಕರಗಿದ ಕಬ್ಬಿಣ ಬಿದ್ದೊಡನೆ ಎದ್ದ ಆವಿ ಹೊರದಾರಿ ಸಿಗದೆ ಎರಕದೊಳಗೇ ತೂತು ಕೊರೆಯುತ್ತದೆ. ಆದರೆ ಸಾಹೇಬರು ಹವಾಮಾನ ವರದಿ ಕೇಳಿರಲಿಲ್ಲವಲ್ಲ!

ಕಡೆಗೆ ಹೋದದ್ದು ಇಷ್ಟು: ‘ಸರ, ಕೊರತೆ ತೋರಿಸಿದ್ದಕ್ಕೆ ಧನ್ಯವಾದ. ಸೋಮವಾರದಿಂದ ಪ್ರತಿ ಪಾಳಿಯ ಆರಂಭಕ್ಕೊಮ್ಮೆ, ನಡುವೆ ಒಮ್ಮೆ ಉಸುಕಿನ ತೇವ ಅಳೆಯುತ್ತೇನೆ. ರಿಜೆಕ್ಟ್ ಆದ ಎರಕದ ಲೆಕ್ಕದ ಪಕ್ಕದಲ್ಲೇ ಆ ಅಂಕಿ ಇರುತ್ತದೆ, ತಾವೇ ತಾಳೆ ನೋಡಬಹುದು. ಉಸುಕಿನ ರಾಶಿಗೆ ಹೊದಿಕೆ ಮಾತ್ರ ಸ್ಟೋರಿನವರು ಕೊಡಬೇಕು. ತಾವೊಂದು ಮಾತು ಹೇಳಬೇಕು.’

ಕೊನೆಯ ಸಾಲಿಗೆ ಹುಡುಗ ಬೆವತುಹೋದ. ಅರ್ಧ ಗಂಟೆಗೇ ಉತ್ತರ: ‘ಓಕೆ. ನಾಳೆ ತಾಡಪತ್ರಿ ಬರುತ್ತದೆ.’

ಧನ್ಯವಾದ ಅವರೇನೂ ಹೇಳಲಿಲ್ಲ, ಬಿಡಿ.