ಜಾರುವ ಗ್ರೀಸು

ಸರ್ವಿಸ್‌ಗೆ ಬಿಟ್ಟ ಸ್ಕೂಟರ್ ಹೊಳೆಯುತ್ತಾ ಬಂತು, ಹಿಂದೆಯೇ ಬಿಲ್ಲೂ ಬಂತು. ಮೊದಲೆಲ್ಲ ಕೊನೆಯ ಸಾಲು ಮಾತ್ರ ಓದಿ ನಿಟ್ಟುಸಿರು ಬಿಡುತ್ತಿದ್ದೆ. ಈ ಸಲ ಜಾಬ್ ಕಾರ್ಡ್ ತೆಗೆದು, ಜಾತಕ ಹೊಂದಿಸುವ ಜೋಯಿಸರಂತೆ ಎರಡನ್ನೂ ಪಕ್ಕಪಕ್ಕ ಇಟ್ಟೆ.

ಕಾರ್ಡಿನಲ್ಲಿ ಇದ್ದದ್ದು ಮೂರೇ: ಜನರಲ್ ಸರ್ವಿಸ್, ಆಯಿಲ್ ಬದಲಾವಣೆ, ಹಿಂದಿನ ಬ್ರೇಕಿನ ಕಿರುಚಾಟ. ಬಿಲ್ಲಿನಲ್ಲಿ ಮಾತ್ರ ಕರೆಯದೆ ಬಂದ ನೆಂಟನಂತೆ ಏರ್ ಫಿಲ್ಟರ್ ಕೂತಿತ್ತು. "ಹಳೇದು ಕೊಡಪ್ಪಾ, ನೋಡ್ತೀನಿ" ಅಂದೆ. ಒಳಗೆ ಹೋದ ಹುಡುಗ ಬರಿಗೈಲಿ ಬಂದ. ಮುಚ್ಚಳ ಬಿಚ್ಚಿಸಿದರೆ ನನ್ನ ಹಳೇ ಫಿಲ್ಟರು ಧೂಳು ಹೊದ್ದು ಮಲಗಿತ್ತು! ಆ ಸಾಲು ಹೋಯಿತು.

ಆಯಿಲ್ 1 ಲೀಟರ್ ಎಂದಿತ್ತು. ಮ್ಯಾನುಯಲ್ ಪ್ರಕಾರ ನನ್ನ ಗಾಡಿ ಕುಡಿಯುವುದು 0.8.

"ಡಬ್ಬಿ ಬರೋದೇ ಒಂದು ಲೀಟರ್, ಸಾರ್."

"ಹಾಗಾದ್ರೆ ಉಳಿದಿದ್ದು ಡಬ್ಬಿ ಸಮೇತ ಕೊಡಿ."

ಕೊನೆಗೆ ಕನ್ಸ್ಯೂಮಬಲ್ಸ್, 120 ರೂಪಾಯಿ. ಏನದು? ಬ್ರೇಕ್ ಕ್ಲೀನರ್, ಒರೆಸುವ ಬಟ್ಟೆ, ಗ್ರೀಸು. ಬ್ರೇಕ್ ಬಿಚ್ಚಿದ್ದು ನಿಜ, ಒಪ್ಪಿದೆ. ಆದರೆ ಪಾರ್ಟ್ಸ್ ಪಟ್ಟಿಯಲ್ಲೂ 'ಗ್ರೀಸ್ 40' ಇತ್ತಲ್ಲ!

"ಇದೇನ್ರೀ, ಎರಡು ಸಲ?"

ಸೂಪರ್‌ವೈಸರ್ ತಲೆ ಕೆರೆದುಕೊಂಡರು. ಪಾಪ, ಗ್ರೀಸಿನ ಗುಣವೇ ಜಾರುವುದು. ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿತ್ತು, ಅಷ್ಟೆ.