ಇರುವೆ ಲೈನಿನ ಮೇಸ್ತ್ರಿ

ಕ್ಯಾಸಂಬಳ್ಳಿ ಕಡೆ ಬೀದಿಗೊಬ್ಬರಾದರೂ ಗಣಿಯಲ್ಲಿ ದುಡಿದ ಯಜಮಾನರು ಸಿಗುತ್ತಾರೆ. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಇವರೊಳಗಿನ ಗಣಿ ಇನ್ನೂ ಮುಚ್ಚಿಲ್ಲ. ಕರೆಂಟು ಹೋದರೆ ಮೊದಲು ತಲೆಗೆ ಟಾರ್ಚು ಕಟ್ಟುತ್ತಾರೆ, ಆಮೇಲೆ ಫ್ಯೂಸು ನೋಡುತ್ತಾರೆ. ಊಟಕ್ಕೆ ಕರೆದರೆ "ಶಿಫ್ಟ್ ಮುಗೀಲಿ" ಅನ್ನುತ್ತಾರೆ. ನಮ್ಮ ಮನೆ ಪಾಲಿಗೆ ಬಂದವರು ನಮ್ಮ ದೊಡ್ಡಪ್ಪ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ ಸಕ್ಕರೆ ಡಬ್ಬಿಗೆ ಸಣ್ಣಿರುವೆ ಸಾಲುಗಟ್ಟಿತ್ತು. ಮಳೆನೀರು ಗೂಡಿಗೆ ನುಗ್ಗಿದರೆ ಒಣಜಾಗ ಹುಡುಕಿಕೊಂಡು ಬರುವುದು ಅವುಗಳ ಪದ್ಧತಿ. ದೊಡ್ಡಮ್ಮ ಒದ್ದೆಬಟ್ಟೆ ಎತ್ತಿದ್ದೇ ತಡ, ದೊಡ್ಡಪ್ಪ ಹಜಾರದಿಂದ ಕೂಗಿದರು:

"ಒರೆಸಬೇಡ ಕಣೇ! ರೀಫ್ ತಪ್ಪಿಹೋಗುತ್ತೆ!"

ನೋಡಿದರೆ ನಗು ಬರುತ್ತದೆ, ಆದರೆ ಮಾತು ಸರಿ. ಮೊದಲು ತಿಂಡಿ ಕಂಡ ಇರುವೆ ಗೂಡಿಗೆ ಮರಳುವಾಗ ನೆಲಕ್ಕೆ ವಾಸನೆಯ ಗೆರೆ ಬಳಿಯುತ್ತಾ ಹೋಗುತ್ತದೆ. ಉಳಿದವು ಆ ಗೆರೆ ಮೂಸಿಕೊಂಡು ಬರುತ್ತವೆ. ಡಬ್ಬಿಯ ಹತ್ತಿರ ಮಾತ್ರ ಒರೆಸಿದರೆ ಸಾಲು ಚದುರುತ್ತದೆ, ಎಲ್ಲಿಂದ ಬಂತೆನ್ನುವುದೂ ಮಾಯ. ಮರುದಿನ ಮತ್ತೆ ಅದೇ ಸಾಲು. ನಮ್ಮನೆಯಲ್ಲಿ ಈ ಆಟ ಹತ್ತು ವರ್ಷದಿಂದ ನಡೆದಿತ್ತು.

ದೊಡ್ಡಪ್ಪ ಡಬ್ಬಿ ಎತ್ತಿಟ್ಟು, ಅದಿದ್ದ ಜಾಗದಲ್ಲೇ ಕಾಗದದ ಚೂರಿನ ಮೇಲೆ ಎರಡು ಹನಿ ಬೆಲ್ಲದ ಪಾಕ ಬಿಟ್ಟರು. ಹಾಡುಹಗಲಲ್ಲಿ ತಲೆಗೆ ಟಾರ್ಚು ಕಟ್ಟಿ, ಸ್ಟೂಲು ಹಾಕಿಕೊಂಡು ಅರ್ಧ ಗಂಟೆ ಕೂತರು. ಸಾಲು ದಪ್ಪವಾಯಿತು.

"ಬರೋದನ್ನ ನೋಡಬಾರದು ಕಣೋ. ಹೊಟ್ಟೆ ತುಂಬಿಕೊಂಡು ಹೋಗೋದನ್ನ ನೋಡು. ತುಂಬಿದ ಟ್ರಾಲಿ ಯಾವಾಗಲೂ ಶಾಫ್ಟ್ ಕಡೆಗೇ ಹೋಗೋದು."

ಪಾಕ ಕುಡಿದ ಇರುವೆಯ ಹೊಟ್ಟೆ ಊದಿ ಮಿಣುಗುತ್ತಿತ್ತು. ಅಂಥ ಒಂದರ ಬೆನ್ನು ಹತ್ತಿದೆವು. ಕಟ್ಟೆಯ ಅಂಚು, ಟೈಲ್ಸ್ ಸಂದಿ, ಸಿಂಕಿನ ಹಿಂಬದಿ. ದೊಡ್ಡಪ್ಪ ಸಂದಿಗೊಂದು ಲೆವೆಲ್ ನಂಬರು ಕೊಡುತ್ತಾ ಬಂದರು. ಎಂಟನೇ ಲೆವೆಲ್ಲಿನಲ್ಲಿ ಇರುವೆ ಗೋಡೆಯೊಳಗೆ ಇಳಿಯಿತು. ನೀರಿನ ಫಿಲ್ಟರ್ ಪೈಪು ಹೊರಗೆ ಹೋಗುವ ತೂತು. ಪೈಪಿನ ಸುತ್ತ ಕಿರುಬೆರಳು ತೂರುವಷ್ಟು ಸಂದು. ಹೊರಗೆ ಹೋಗಿ ನೋಡಿದರೆ ಗೋಡೆಗೆ ಒರಗಿದ್ದ ಕರಿಬೇವಿನ ಕುಂಡದ ಅಡಿಯಲ್ಲೇ ಗೂಡು.

ಮುಚ್ಚುವ ಮುನ್ನ ಪಾಕದ ಕಾಗದ ತೆಗೆದು, ಒಳಗಿದ್ದವು ಮನೆಗೆ ಹೋಗಲೆಂದು ಕಾದರು. ಆಮೇಲೆ ಒರೆಸುವ ಸರದಿ. ವಿನೆಗರ್ ತರಲು ಹೊರಟವರನ್ನು ದೊಡ್ಡಮ್ಮ ತಡೆದರು. "ಏನ್ರೀ, ಇದು ಕಡಪ ಕಲ್ಲು. ಹುಳಿ ಬಿದ್ದರೆ ಬೆಳ್ಳಗೆ ಕಲೆ ಕೂರುತ್ತೆ. ಸಾಬೂನು ನೀರು ಸಾಕು." ಡಬ್ಬಿಯಿಂದ ತೂತಿನವರೆಗೆ ಇಡೀ ದಾರಿ ತೊಳೆದಿದ್ದು ಅವರೇ. ಮೇಸ್ತ್ರಿ ಟಾರ್ಚು ಹಿಡಿದರು. ಕೊನೆಗೆ ಬಿಳಿ ಸಿಮೆಂಟು ಕಲಸಿ ಸಂದು ತುಂಬಿ, ಕುಂಡವನ್ನು ಗೋಡೆಯಿಂದ ದೂರ ಸರಿಸಿದ್ದಾಯಿತು.

ಇದಕ್ಕೂ ಮುಂಚೆ ದೊಡ್ಡಪ್ಪ ಬೇರೆ ಪ್ರಯೋಗ ಮಾಡದೆ ಬಿಟ್ಟಿರಲಿಲ್ಲ. ಕಟ್ಟೆಗೆ ಅಡ್ಡಲಾಗಿ ಅರಿಸಿನದ ಗೆರೆ ಎಳೆದಿದ್ದರು. ಗೆರೆ ಒಣಗಿರುವವರೆಗೆ ಇರುವೆ ಹಿಂಜರಿಯಿತು. ಸಿಂಕಿನ ನೀರು ಸಿಡಿದು ಅರಿಸಿನ ಮುದ್ದೆಯಾದ ಮೇಲೆ ದಾಟಿತು, ಉಳಿದವು ಗೋಡೆ ಹತ್ತಿ ಬಳಸಿ ಬಂದವು. ಉಳಿದದ್ದು ಹಳದಿ ಕಲೆ ಮತ್ತು ದೊಡ್ಡಮ್ಮನ ಬೈಗುಳ. ಇರುವೆ ಸೀಮೆಸುಣ್ಣವನ್ನು ಮಾತ್ರ ಅವರು ಅಡುಗೆಮನೆಗೆ ಸೇರಿಸಲಿಲ್ಲ. ಅದು ವಿಷ; ಮೊಮ್ಮಗನಿಗೆ ಅದು ಸ್ಲೇಟಿನ ಬಳಪ.

ಕೈಹಿಡಿದದ್ದು ನೀರಿನ ತಟ್ಟೆ. ತಟ್ಟೆಯಲ್ಲಿ ನೀರು, ಅದಕ್ಕೊಂದು ಹನಿ ಪಾತ್ರೆ ಸಾಬೂನು, ನಡುವೆ ಡಬ್ಬಿ. ಬರೀ ನೀರಿನ ಮೇಲೆ ಹಗುರ ಇರುವೆ ತೇಲಿ ದಾಟಬಹುದು. ಸಾಬೂನು ಬೆರೆತರೆ ಮುಳುಗುತ್ತದೆ. ಆದರೂ ಮೂರನೇ ದಿನ ಡಬ್ಬಿಯಲ್ಲಿ ಇರುವೆ! ಟಾರ್ಚು ಬಿಟ್ಟು ನೋಡಿದರೆ ದೊಡ್ಡಪ್ಪ ಕಾಫಿ ಕಲಸಿದ ಚಮಚವನ್ನು ಡಬ್ಬಿಗೂ ಗೋಡೆಗೂ ಸೇತುವೆಯಂತೆ ಒರಗಿಸಿದ್ದರು.

ತೂತು ಮುಚ್ಚಿ ಒಂದು ವಾರ ಇರುವೆ ಸುಳಿಯಲಿಲ್ಲ. ಎಂಟನೇ ದಿನ ಕಿಟಕಿ ಚೌಕಟ್ಟಿನ ಬಿರುಕಿನಿಂದ ಹೊಸ ಸಾಲು. ಗೂಡು ಹೊರಗಿರುವ ತನಕ ಒಂದು ಬಾಗಿಲು ಮುಚ್ಚಿದರೆ ಅವು ಇನ್ನೊಂದನ್ನು ಹುಡುಕುತ್ತವೆ. ದೊಡ್ಡಪ್ಪನ ಮುಖದಲ್ಲಿ ಬೇಸರವೇ ಇಲ್ಲ. "ಹೊಸ ರೀಫ್ ಸಿಕ್ತು!" ಎಂದು ಸ್ಟೂಲು ಎಳೆದುಕೊಂಡರು.

ಆಗ ದೊಡ್ಡಮ್ಮ, ಬೆಳಗಿನ ರಂಗೋಲಿಗೆ ಅಕ್ಕಿಹಿಟ್ಟು ತುಂಬಿಕೊಳ್ಳುತ್ತಾ, ತಣ್ಣಗೆ ಕೇಳಿದರು: "ಆ ಪೈಪಿನ ತೂತು ಕೊರೆದವರು ಯಾರು ಅಂತ ಹುಡುಗನಿಗೆ ಹೇಳಿದಿರಾ?"

ಪ್ಲಂಬರ್ ಕೂಲಿ ಉಳಿಸಲು ಫಿಲ್ಟರ್ ಕೂರಿಸಿದವರು ದೊಡ್ಡಪ್ಪನೇ. ಅವರು ತಲೆಯ ಟಾರ್ಚು ಆರಿಸಿದರು.

"ಕೊರೆಯೋದು ನಮ್ಮ ಡಿಪಾರ್ಟ್‌ಮೆಂಟು ಕಣಮ್ಮ. ಮುಚ್ಚೋದನ್ನ ನಮಗೆ ಯಾರೂ ಕಲಿಸಲಿಲ್ಲ."