ಮೊದಲ ದಿನದ ಪಂಡಿತ

ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ ಹುಡುಗರ ಹಾಸ್ಟೆಲ್‌ಗೆ ಹೋದರೆ ಇವನು ಸಿಕ್ಕೇ ಸಿಗುತ್ತಾನೆ. ಊರು ಹೊಸದುರ್ಗವೋ ಸಿಂಧನೂರೋ ಇರಬಹುದು, ಗೋಡೆ ಮಾತ್ರ ಎಲ್ಲ ಕಡೆ ಒಂದೇ. ಅದರ ಮೇಲೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ, ಸ್ಕೇಲಿಟ್ಟು ಗೆರೆ ಎಳೆದು, ಕೆಲಸದ ಕೋಡಿಂಗ್ ಪರೀಕ್ಷೆಗೆಂದು ಬರೆದ 30 ದಿನಗಳ ಡೇಟಾ ಸ್ಟ್ರಕ್ಚರ್ ವೇಳಾಪಟ್ಟಿ. 1ನೇ ದಿನ ಅರೇ, 2ನೇ ದಿನ ಲಿಂಕ್ಡ್ ಲಿಸ್ಟ್, 3ನೇ ದಿನ ಸ್ಟ್ಯಾಕು. ಹೀಗೇ ಸಾಗಿ, ಬಲ್ಲವರೂ ತಿಂಗಳುಗಟ್ಟಲೆ ತಿಣುಕುವ ಡೈನಮಿಕ್ ಪ್ರೋಗ್ರಾಮಿಂಗಿಗೆ ಒಂದು ಭಾನುವಾರ, ಅದೂ ಮಧ್ಯಾಹ್ನದ ಮೇಲೆ.

ನಾಲ್ಕನೇ ದಿನ ಊರಲ್ಲಿ ಯಾರದ್ದೋ ನಾಮಕರಣ. ಹೋಗಿ ಬರುವಷ್ಟರಲ್ಲಿ ಪಟ್ಟಿ ತಪ್ಪಿರುತ್ತದೆ. ನಡುವೆ ಹಿಡಿದರೆ ಬುನಾದಿ ಗಟ್ಟಿಯಾಗುವುದಿಲ್ಲ ಎಂಬುದು ಇವನ ಸಿದ್ಧಾಂತ. ಹಾಗಾಗಿ ಬರುವ ಸೋಮವಾರದಿಂದ ಮತ್ತೆ ಅರೇ. ಅರೇ ಎಂದರೇನು ಎಂಬುದು ಇವನ ಮೂರು ನೋಟ್‌ಬುಕ್ಕುಗಳಲ್ಲಿ ದುಂಡಗಿನ ಅಕ್ಷರದಲ್ಲಿದೆ. ಟ್ರೀ ಎಂಬುದನ್ನು ಇವನು ಕಾಲೇಜಿನ ಅಂಗಳದಲ್ಲಿ ಮಾತ್ರ ಕಂಡಿದ್ದಾನೆ. ಗಣಪತಿ ಪೂಜೆಯಲ್ಲೇ ಮುಹೂರ್ತ ಮೀರಿಸುವ ಪುರೋಹಿತರಿದ್ದಾರಲ್ಲ, ಅವರ ಪೈಕಿ.

ಓದುವುದಿಲ್ಲ ಎನ್ನುವಂತಿಲ್ಲ, ದಿನದ ಡೇಟಾ ಖಾಲಿಯಾಗುವವರೆಗೂ ವಿಡಿಯೋ ನೋಡುತ್ತಾನೆ. ಮೇಷ್ಟ್ರು ಪ್ರೋಗ್ರಾಂ ಬರೆಯುತ್ತಿದ್ದರೆ ಇವನು ತಲೆದೂಗುತ್ತಾನೆ. ತಲೆದೂಗಿದ್ದನ್ನೇ ಖಾಲಿ ಪರದೆಯ ಮೇಲೆ ಬರೆ ಎಂದರೆ ಕೈ ತಲೆ ಕೆರೆಯಲು ಹೋಗುತ್ತದೆ.

ಇಂಥವನ ಪಟ್ಟಿಯನ್ನು ಕೆಲಸಕ್ಕೆ ಸೇರಿದ ಸೀನಿಯರ್ ಅಕ್ಕ ಒಬ್ಬಳು ನೋಡಿದಳು. "ಇದೆಲ್ಲ ಇರಲಿ ಕಣೋ, ಒಂದು ಲೆಕ್ಕ ಮಾಡು. ಸಾಲಲ್ಲಿರುವ ಸಂಖ್ಯೆಗಳಲ್ಲಿ ಯಾವುದಾದರೂ ಎರಡು ಕೂಡಿದರೆ 12 ಬರುತ್ತಾ?"

"ಅಷ್ಟೇನಾ ಅಕ್ಕ?" ಎಂದವನೇ ಲೂಪಿನೊಳಗೊಂದು ಲೂಪ್ ಹಾಕಿದ. 3, 8, 5, 11, 7 ಕೊಟ್ಟರೆ ಉತ್ತರ ಸರಿ. "ಈಗ ಒಂದು ಲಕ್ಷ ಸಂಖ್ಯೆ ಕೊಡ್ತೀನಿ" ಎಂದಳು. ಒಂದು ಲಕ್ಷದಲ್ಲಿ ಜೋಡಿಗಳು ಸುಮಾರು 500 ಕೋಟಿ. ಸೆಕೆಂಡಿಗೆ ಹತ್ತು ಕೋಟಿ ಸರಳ ಲೆಕ್ಕ ಎಂಬುದು ಈ ಹುಡುಗರ ರೂಢಿಯ ಅಂದಾಜು. ಆ ಪ್ರಕಾರ ಹಿಡಿದರೂ 50 ಸೆಕೆಂಡು ಬೇಕು. ಪೈಥಾನಿನಲ್ಲಿ ಇನ್ನೂ ಹೆಚ್ಚು. ಪರೀಕ್ಷೆ ಕೊಡುವುದು ಒಂದೆರಡು ಸೆಕೆಂಡು. ಪ್ರಶ್ನೆಯ ಜೊತೆ ತೋರಿಸುವ ಉದಾಹರಣೆ ಹಸಿರು, ಬಚ್ಚಿಟ್ಟ ಪರೀಕ್ಷೆಗಳು ಕೆಂಪು ಆಗುವುದು ಹೀಗೆ.

ಅಕ್ಕ ಬರೆಸಿದ್ದು ಇದು:

```python
def jodi(a, t):
    kandaddu = set()
    for x in a:
        if t - x in kandaddu:
            return True
        kandaddu.add(x)
    return False
```

ಒಂದೇ ಸುತ್ತು. 3 ಬಂತು, ಬೇಕಾದದ್ದು 9, ಕಂಡಿಲ್ಲ, ಸೇರಿಸು. 8ಕ್ಕೆ 4 ಬೇಕು, ಇಲ್ಲ. 5ಕ್ಕೆ 7, ಇನ್ನೂ ಬಂದಿಲ್ಲ. 11ಕ್ಕೆ 1, ಇಲ್ಲ. ಕೊನೆಗೆ 7 ಬಂದಾಗ 5 ಆಗಲೇ ಒಳಗಿದೆ, ಮುಗಿಯಿತು. ಇವನು ಮರುದಿನ ತಾನೇ ಬರೆದಾಗ ಮೊದಲು ಸೇರಿಸಿ ಆಮೇಲೆ ಹುಡುಕಿದ. 6 ಒಂದೇ ಒಂದಿದ್ದರೂ ಅದು ತನ್ನನ್ನೇ ಕೂಡಿಕೊಂಡು 12 ಆಯಿತು. ವಿಡಿಯೋದಲ್ಲಿ ಮೇಷ್ಟ್ರು ತಪ್ಪು ಮಾಡುವುದಿಲ್ಲ. ಹಾಗಾಗಿ ಅಲ್ಲಿ ಈ ತಪ್ಪು ಕಾಣುವುದೇ ಇಲ್ಲ.

ಆಮೇಲೆ ಅಕ್ಕ ಗೋಡೆಯ ಪಟ್ಟಿಗೆ ಅಡ್ಡಗೆರೆ ಎಳೆದಳು. ಮೊದಲ ಹತ್ತು ದಿನ ಅರೇ, ಸ್ಟ್ರಿಂಗ್, ಹ್ಯಾಶಿಂಗ್ ಮಾತ್ರ. ಮುಂದಿನ ವಾರ ಸಾರ್ಟಿಂಗ್ ಮತ್ತು ಬೈನರಿ ಸರ್ಚ್. ಆಮೇಲಿನ ವಾರ ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್. ಉಳಿದದ್ದು ರಿಕರ್ಷನ್, ಟ್ರೀ ಸುತ್ತುವ ಕ್ರಮಗಳು, ಗಡಿಯಾರ ಇಟ್ಟುಕೊಂಡು ಮಾಡುವ ಅಣಕು ಪರೀಕ್ಷೆ. ಗ್ರಾಫು, ಡೈನಮಿಕ್ ಪ್ರೋಗ್ರಾಮಿಂಗು ಈ ತಿಂಗಳಿಗಿಲ್ಲ. ಅವು ಬಂದರೆ ಆ ಪ್ರಶ್ನೆ ಬಿಟ್ಟು ಉಳಿದವನ್ನು ಮಾಡು. ದಿನಕ್ಕೆ ಎರಡೇ ಲೆಕ್ಕ: 40 ನಿಮಿಷ ಒಬ್ಬನೇ ಗುದ್ದಾಡು, ಆಗದಿದ್ದರೆ ಉತ್ತರ ಓದು, ಮುಚ್ಚು, ಖಾಲಿ ಹಾಳೆಯಿಂದ ಬರೆ. ಮೂರು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ. ತಪ್ಪಿದ ದಿನ ತಪ್ಪಿತು, ಇವತ್ತಿನದು ಮಾಡು. ಅರೇಗೆ ವಾಪಸ್ ಬಂದರೆ ಕಾಲು ಮುರೀತೀನಿ.

ಇವನಿಗೆ ಕೊನೆಯದು ಬಹಳ ಕಷ್ಟವಾಯಿತು. ಲಿಂಕ್ಡ್ ಲಿಸ್ಟಿನ ಹೊತ್ತಿಗೆ ಜ್ವರ ಬಂತು, ಜ್ವರ ಬಿಟ್ಟೊಡನೆ ಸೋಮವಾರ ಯಾವಾಗ ಎಂದು ಕ್ಯಾಲೆಂಡರ್ ನೋಡಿದ. ಹಾಗಿದ್ದೂ ತಡೆದುಕೊಂಡ.

ಈ ವರ್ಷ ಇಂಥ ಪರೀಕ್ಷೆಗೆ ಕೂರುವವರಿಗೆ ಒಂದು ಮಾತು. ಪ್ರಶ್ನೆಯ ಕೆಳಗೆ ಸಣ್ಣದಾಗಿ `n <= 100000` ಎಂಬಂಥ ಸಾಲಿದ್ದರೆ ಮೊದಲು ಅದನ್ನೇ ಓದಿ. ಲೂಪಿನೊಳಗೆ ಲೂಪ್ ನಡೆಯುತ್ತದೋ ಇಲ್ಲವೋ ಎಂದು ಅದೇ ಹೇಳಿಬಿಡುತ್ತದೆ.